ಪಟ್ಟೆ ಶುರುವಾದದ್ದು ಎಲ್ಲಿಂದ?

ಮೈಸೂರಿನ ಹೂಟಗಳ್ಳಿಯಿಂದ 7ನೇ ತರಗತಿಯ ಹುಡುಗಿಯೊಬ್ಬಳು ಪತ್ರ ಬರೆದಿದ್ದಾಳೆ. ಅವರ ಮನೆಯ ಪಕ್ಕದಲ್ಲಿ ಖಾಲಿ ಸೈಟು, ಅದರ ತುಂಬ ಆಳೆತ್ತರದ ಹುಲ್ಲು. ರಾತ್ರಿ ಎಂಟು ಗಂಟೆ ಹೊತ್ತಿಗೆ ಜಗಲಿಯ ಗೋಡೆಯ ಮೇಲೆ ಪಟ್ಟೆ ಪಟ್ಟೆಯ ಹಾವೊಂದು ಕಂಡಿತಂತೆ. ಮಾವ ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅಜ್ಜಿ ಹೆದರಿದರೆಂದು ಹತ್ತೇ ನಿಮಿಷದಲ್ಲಿ ಅಲ್ಲಿಂದಲೂ ಫೋನಿನಿಂದಲೂ ಅಳಿಸಿಬಿಟ್ಟರು. ಹಾವು ಹುಲ್ಲಿನೊಳಗೆ ಹೋಯಿತು. ಈಗ ತಾತ "ಅದು ಕಟ್ಟುಹಾವೇ" ಅನ್ನುತ್ತಾರೆ, ಮಾವ "ಏನೂ ಮಾಡದ ಹಾವು" ಅನ್ನುತ್ತಾರೆ. ತಾತ, ಅಜ್ಜಿ ಇಬ್ಬರೂ ಮಲಗುವುದು ನೆಲದ ಮೇಲೆ ಚಾಪೆ ಹಾಸಿಕೊಂಡು. "ಫೋಟೊ ಇಲ್ಲದೆ ಯಾವ ಹಾವು ಅಂತ ಹೇಳಲು ಆಗುತ್ತಾ?" ಎಂದು ಕೇಳಿದ್ದಾಳೆ.

ಬಹುಮಟ್ಟಿಗೆ ಆಗುತ್ತದೆ ಮಕ್ಕಳೇ, ನೋಡಿದವರು ಸರಿಯಾದ ಸಂಗತಿಯನ್ನು ನೆನಪಿಟ್ಟುಕೊಂಡಿದ್ದರೆ. ನಮ್ಮ ಕಡೆ ಮನೆಯ ಹತ್ತಿರ ರಾತ್ರಿ ಕಾಣುವ ಬಿಳಿ ಪಟ್ಟೆಯ ಹಾವು ಹೆಚ್ಚಾಗಿ ಎರಡರಲ್ಲೊಂದು. ಒಂದು ಕಟ್ಟುಹಾವು, ಭಾರಿ ವಿಷದ್ದು. ಇನ್ನೊಂದು ತೋಳಹಾವು, ವಿಷವಿಲ್ಲದ್ದು. ಬಾಯಿಯ ಮುಂದಿನ ಹಲ್ಲುಗಳು ತೋಳದ ಹಲ್ಲಿನಂತೆ ದೊಡ್ಡವು, ಅದಕ್ಕೇ ಆ ಹೆಸರು. ಇವೆರಡನ್ನು ಬೇರೆ ಮಾಡುವಲ್ಲಿ ದೊಡ್ಡವರೂ ಎಡವುತ್ತಾರೆ.

ಹುಡುಗಿಯ ಮನೆಗೆ ಫೋನ್ ಮಾಡಿ ಒಂದು ಕೆಲಸ ಹೇಳಿದೆ. ಹಾವು ಕಂಡ ಮೂವರೂ ಒಬ್ಬರನ್ನೊಬ್ಬರು ಕೇಳದೆ, ಬೇರೆ ಬೇರೆ ಕಾಗದದಲ್ಲಿ ಅದರ ಚಿತ್ರ ಬರೆಯಬೇಕು. ಒಟ್ಟಿಗೆ ಕೂತು ಮಾತಾಡಿದರೆ ಗಟ್ಟಿ ದನಿಯವರ ಹಾವೇ ಎಲ್ಲರ ಹಾವಾಗಿಬಿಡುತ್ತದೆ. ಚಿತ್ರ ಚೆನ್ನಾಗಿರಬೇಕಿಲ್ಲ. ಹಗ್ಗದಂಥ ಒಂದು ಗೆರೆ ಎಳೆದು, ಒಂದು ತುದಿಯಲ್ಲಿ ತಲೆ ಗುರುತಿಸಿ, ಪಟ್ಟೆ ಎಲ್ಲಿ ಕಂಡಿತೋ ಅಲ್ಲಿ ಅಡ್ಡಗೆರೆ ಹಾಕಿದರೆ ಸಾಕು.

ಮುಖ್ಯ ಗುರುತು ಇರುವುದೇ ಅಲ್ಲಿ. ಬೆಳೆದ ಕಟ್ಟುಹಾವಿಗೆ ತಲೆಯ ಹಿಂದೆ ಸ್ವಲ್ಪ ದೂರದವರೆಗೆ ಪಟ್ಟೆ ಇರುವುದಿಲ್ಲ, ಇದ್ದರೂ ಚುಕ್ಕೆಯಂತೆ ಮಸುಕು. ಬಾಲದ ಕಡೆಗೆ ಹೋದಂತೆ ಸ್ಪಷ್ಟವಾಗುತ್ತದೆ. ಪಟ್ಟೆಗಳು ತೆಳುವಾಗಿದ್ದು, ಹಲವು ಸಲ ಎರಡೆರಡು ಜೋಡಿಯಾಗಿರುತ್ತವೆ. ಮೈಬಣ್ಣ ನೀಲಿ ಮಿಶ್ರಿತ ಹೊಳೆಯುವ ಕಪ್ಪು. ತೋಳಹಾವಿನದು ಇದಕ್ಕೆ ತಿರುಗುಮುರುಗು. ಅದರ ಪಟ್ಟೆಗಳು ಕತ್ತಿನ ಹತ್ತಿರವೇ ಶುರುವಾಗಿ, ಅಲ್ಲೇ ಅಗಲವಾಗಿದ್ದು, ಬಾಲದ ಕಡೆಗೆ ಮಾಸುತ್ತವೆ. ಕತ್ತಿನ ಮೇಲೆ ಹಲವು ಸಲ ಕೊರಳಪಟ್ಟಿಯಂತೆ ಬಿಳಿ ಗುರುತೂ ಇರುತ್ತದೆ. ಮೈ ಸಾಮಾನ್ಯವಾಗಿ ಕಂದು.

ಹುಡುಗಿ ಕತ್ತಿನಿಂದಲೇ ಗೆರೆ ಹಾಕಿದ್ದಳು, ಬಾಲದ ಭಾಗ ಖಾಲಿ ಬಿಟ್ಟಿದ್ದಳು. ಮಾವನ ಚಿತ್ರವೂ ಹಾಗೇ ಇತ್ತು. ತಾತ ಮಾತ್ರ ತಲೆಯಿಂದ ಬಾಲದವರೆಗೆ ಸಮನಾಗಿ ಪಟ್ಟೆ ಎಳೆದಿದ್ದರು. ಅವರು ನಿಂತಿದ್ದು ಬಾಗಿಲ ಒಳಗೆ, ಕನ್ನಡಕವೂ ಇರಲಿಲ್ಲವಂತೆ. ಬಣ್ಣದಲ್ಲಿ ಮಾತ್ರ ಮೂವರೂ ಮೂರು ಹೇಳಿದರು. ಅದನ್ನು ನಾನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ರಾತ್ರಿಯ ದೀಪದಲ್ಲಿ ಕಂದು ಕಪ್ಪಾಗಿ ಕಾಣುತ್ತದೆ.

ಉದ್ದವನ್ನೂ ಅಡಿಯಲ್ಲಿ ಕೇಳಬಾರದು. ಹೆದರಿದವರ ಕಣ್ಣಲ್ಲಿ ಹಾವು ಬೆಳೆಯುತ್ತದೆ. ಮಾವ "ಮೂರಡಿ" ಅಂದರು. ಗೋಡೆಯ ಯಾವ ಗುರುತಿನಿಂದ ಯಾವ ಗುರುತಿನವರೆಗೆ ಇತ್ತು ಎಂದು ಕೇಳಿದಾಗ, ಸಿಮೆಂಟ್ ಬ್ಲಾಕ್ ಒಂದಕ್ಕಿಂತ ಸ್ವಲ್ಪ ಹೆಚ್ಚು ಎಂದು ಗೊತ್ತಾಯಿತು. ಬ್ಲಾಕ್ ಒಂದರ ಉದ್ದ 16 ಅಂಗುಲ. ಅಂದರೆ ಹಾವು ಒಂದೂವರೆ ಅಡಿ ಇದ್ದೀತು. ಬೆಳೆದ ತೋಳಹಾವಿಗೆ ಅದು ಸರಿಹೊಂದುವ ಅಳತೆ. ಬೆಳೆದ ಕಟ್ಟುಹಾವು ಒಂದು ಮೀಟರಿನ ಆಸುಪಾಸು ಇರುತ್ತದೆ.

ಹಾವು ಏನು ಮಾಡುತ್ತಿತ್ತು ಎನ್ನುವುದೂ ಗುರುತೇ. ಇದು ಒರಟು ಗೋಡೆಯನ್ನು ಹತ್ತಿ, ಟ್ಯೂಬ್‌ಲೈಟಿನ ಹತ್ತಿರ ಹಲ್ಲಿಗಳಿದ್ದ ಕಡೆಗೆ ಹೋಗುತ್ತಿತ್ತು. ಹಲ್ಲಿ ತೋಳಹಾವಿನ ಮೆಚ್ಚಿನ ಊಟ, ಗೋಡೆ ಹತ್ತುವುದರಲ್ಲಿ ಅದು ನಿಪುಣ. ಕಟ್ಟುಹಾವು ಹೆಚ್ಚಾಗಿ ನೆಲದ ಮೇಲೇ ಓಡಾಡುವುದು.

ಇಷ್ಟನ್ನೂ ಕೂಡಿಸಿದರೆ ಇದು ತೋಳಹಾವು ಎಂದೇ ನನಗೆ ತೋರುತ್ತದೆ. ಆದರೆ ತಾತನ ಮಾತನ್ನು ಪಕ್ಕಕ್ಕಿಡುವಂತಿಲ್ಲ. ಕಟ್ಟುಹಾವಿನ ಮರಿಗೆ ಮೈಯ ಮುಂಭಾಗದಲ್ಲೂ ಪಟ್ಟೆ ಸ್ಪಷ್ಟವಾಗಿರಬಹುದು, ಅದರ ಉದ್ದವೂ ಒಂದೂವರೆ ಅಡಿಯೊಳಗೇ ಇರಬಹುದು. ಖಚಿತ ಗುರುತೊಂದಿದೆ: ಕಟ್ಟುಹಾವಿನ ಬೆನ್ನಿನ ನಡುವೆ ಸಾಲಾಗಿ, ಅಕ್ಕಪಕ್ಕದವಕ್ಕಿಂತ ದೊಡ್ಡದಾದ ಆರು ಮೂಲೆಯ ಹುರುಪೆಗಳಿರುತ್ತವೆ. ಅದನ್ನು ಬರಿಗಣ್ಣಿಂದ ನೋಡಬೇಕಾದರೆ ನೋಡಬಾರದಷ್ಟು ಹತ್ತಿರ ಹೋಗಬೇಕು. ದೂರದಿಂದ ತೆಗೆದು, ಆಮೇಲೆ ದೊಡ್ಡದು ಮಾಡಿ ನೋಡುವ ಫೋಟೊ ಬೆಲೆಬಾಳುವುದು ಇದಕ್ಕೇ. ಇನ್ನೊಮ್ಮೆ ಹಾವು ಕಂಡರೆ ಫೋಟೊ ಅಳಿಸಬೇಡಿ ಮಾವ. ಅಜ್ಜಿಗೆ ತೋರಿಸದಿದ್ದರಾಯಿತು.

ಹೆಸರು ತೀರ್ಮಾನವಾಗುವವರೆಗೆ ಅದನ್ನು ಕಟ್ಟುಹಾವೆಂದೇ ತಿಳಿದು ನಡೆದುಕೊಳ್ಳಬೇಕು. ಕಂಡಾಗ ಮಕ್ಕಳು, ನಾಯಿ, ಬೆಕ್ಕು ಒಳಗೆ. ದೊಡ್ಡವರೊಬ್ಬರು ನಾಲ್ಕೈದು ಹೆಜ್ಜೆ ದೂರದಿಂದ ಅದು ಹೋಗುವ ದಾರಿಯ ಮೇಲೆ ಕಣ್ಣಿಟ್ಟಿರಲಿ, ಇನ್ನೊಬ್ಬರು ಅರಣ್ಯ ಇಲಾಖೆಗೋ ತರಬೇತಿ ಇರುವ ಹಾವು ಹಿಡಿಯುವವರಿಗೋ ಫೋನ್ ಮಾಡಲಿ. ಸ್ನೇಕ್ ಶ್ಯಾಮ್ ಅವರ ಹೆಸರು ಗೊತ್ತಿರುವ ಊರು ಮೈಸೂರು. ಹಾವು ಕಂಡರೆ ಯಾರನ್ನಾದರೂ ಕರೆಯುವ ಅಭ್ಯಾಸ ನಮ್ಮಲ್ಲಿದೆ. ಕೋಣೆಯೊಳಗಿದ್ದರೆ ಬಾಗಿಲು ಮುಚ್ಚಿ, ಹೊರಗಿನಿಂದ ಬಾಗಿಲ ಅಡಿಯ ಸಂದಿಗೆ ಬಟ್ಟೆ ತುರುಕಿ. ಪೊರಕೆ, ಕೋಲು ಎತ್ತಬೇಡಿ.

ತಾತ, ಅಜ್ಜಿ ಗಮನವಿಟ್ಟು ಓದಬೇಕಾದದ್ದು ಇದು. ಕಟ್ಟುಹಾವು ಕಚ್ಚುವುದು ಹೆಚ್ಚಾಗಿ ರಾತ್ರಿ, ನೆಲದ ಮೇಲೆ ಮಲಗಿದವರನ್ನು. ನೋವು ಬಹಳ ಕಡಿಮೆ, ಊತ ಹೆಚ್ಚಾಗಿ ಇರುವುದಿಲ್ಲ, ಹಲ್ಲಿನ ಗುರುತೂ ಕಾಣದೆ ಹೋಗಬಹುದು. ಇರುವೆ ಕಚ್ಚಿತೆಂದು ಮಗ್ಗುಲು ಬದಲಿಸಿ ಮಲಗಿಬಿಡುತ್ತಾರೆ. ಆಮೇಲೆ ಹೊಟ್ಟೆನೋವು, ಕಣ್ಣಿನ ರೆಪ್ಪೆ ಜೋತುಬೀಳುವುದು, ಮಾತು ತೊದಲುವುದು, ನುಂಗಲಾಗದಿರುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಬೆಳಗಿನ ಜಾವ ಎದ್ದ ಮಗು ಹೊಟ್ಟೆನೋವೆಂದು ಅತ್ತು, ರೆಪ್ಪೆಯೂ ಭಾರವಾಗಿದ್ದರೆ ಜೀರಿಗೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಹೊರಡಿ. ಮಂಚದ ಮೇಲೆ ಮಲಗಿ, ಸೊಳ್ಳೆಪರದೆಯ ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿಕೊಂಡರೆ ಈ ಭಯ ಬಹಳಷ್ಟು ಕಡಿಮೆಯಾಗುತ್ತದೆ.

ಹಾವು ಕಚ್ಚಿದೆ ಎಂದು ಅನುಮಾನ ಬಂದರೂ ಸಾಕು, ಉಂಗುರ, ಬಳೆ ತೆಗೆದು, ಕಚ್ಚಿದ ಕೈ ಅಥವಾ ಕಾಲು ಅಲುಗದಂತೆ ಪಟ್ಟಿಯ ಆಸರೆ ಕೊಟ್ಟು, ಆ ವ್ಯಕ್ತಿಯನ್ನು ನಡೆಸದೆ 108ಕ್ಕೆ ಕರೆ ಮಾಡಿ. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ರಕ್ತ ಹೀರುವುದು ಯಾವುದೂ ಬೇಡ. ಮೈಸೂರಿನವರಿಗೆ ಕೆ.ಆರ್. ಆಸ್ಪತ್ರೆ ಇದೆ. ಹಾವನ್ನು ಹುಡುಕಿ ಕೊಂದು ಅಲ್ಲಿಗೆ ಒಯ್ಯಬೇಕಿಲ್ಲ. ನಮ್ಮ ದೇಶದಲ್ಲಿ ಕೊಡುವ ವಿಷನಿರೋಧಕ ಔಷಧ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ನಾಲ್ಕಕ್ಕೂ ಒಂದೇ. ವೈದ್ಯರು ನೋಡುವುದು ರೋಗಿಯ ಲಕ್ಷಣ. ಎಷ್ಟು ಹೊತ್ತಿಗೆ ಕಚ್ಚಿತು, ಆಮೇಲೆ ಯಾವುದು ಮೊದಲು ಶುರುವಾಯಿತು ಎಂದು ಚೀಟಿಯಲ್ಲಿ ಬರೆದುಕೊಟ್ಟರೆ ಅವರಿಗೆ ಅದೇ ಹೆಚ್ಚು ಉಪಯೋಗ.

ಹುಡುಗಿಯ ಮನೆಯಲ್ಲಿ ಈಗ ಚಾಪೆ ಸುತ್ತಿಟ್ಟು, ಅಟ್ಟದ ಮೇಲಿದ್ದ ಹಳೆಯ ಮಂಚ ಇಳಿಸಿದ್ದಾರಂತೆ. ಬಚ್ಚಲ ನೀರು ಹೊರಹೋಗುವ ತೂತಿಗೆ ಇನ್ನೂ ಜಾಲರಿ ಹಾಕಿಸಿಲ್ಲ. ಅದು ಮಾವನ ಕೆಲಸ, ಈ ಭಾನುವಾರಕ್ಕೆ.