ಗಾಳಿಯಂತ್ರ ಹೆಚ್ಚಾದರೆ ಕೆಲಸವೂ ಹೆಚ್ಚಾಗುತ್ತದೆಯೇ? ನೇಮಕಾತಿಯ ಲೆಕ್ಕ ಓದುವ ಬಗೆ

"ನಮ್ಮ ಭಾಗದಲ್ಲಿ ವಿಂಡ್ ಕಂಪನಿಗಳು ಬರುತ್ತಿವೆ, ಸಾವಿರಾರು ಹುದ್ದೆಗಳಿವೆ, ಐಟಿಐ ಆದವರು ಕೂಡಲೇ ಸಂಪರ್ಕಿಸಿ." ಇಂಥ ಸಂದೇಶಗಳು ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಬಂದರೆ ನಂಬುವುದು ಸುಲಭ. ಗುಡ್ಡದ ಮೇಲೆ ತಿರುಗುವ ರೆಕ್ಕೆಗಳು ಕಣ್ಣೆದುರೇ ಇವೆ. ಉದ್ಯಮ ಬೆಳೆಯುತ್ತಿದೆ ಎನ್ನುವುದೂ ಸುಳ್ಳಲ್ಲ. ಆದರೆ ಬೆಳೆಯುವ ಉದ್ಯಮವೆಲ್ಲ ಹೆಚ್ಚು ಜನರನ್ನು ಕೆಲಸಕ್ಕೆ ತೆಗೆದುಕೊಳ್ಳುತ್ತದೆಯೇ?

ಒಂದು ಮೆಗಾವ್ಯಾಟ್‌ಗೆ ಎಷ್ಟು ಕೈಗಳು?

ದೆಹಲಿಯ ಕೌನ್ಸಿಲ್ ಆನ್ ಎನರ್ಜಿ, ಎನ್ವಿರಾನ್‌ಮೆಂಟ್ ಅಂಡ್ ವಾಟರ್ (ಸಿಇಇಡಬ್ಲ್ಯು) ಮತ್ತು ಎನ್‌ಆರ್‌ಡಿಸಿ ಸಂಸ್ಥೆಗಳು 2017ರಲ್ಲಿ ಇದರ ಲೆಕ್ಕ ಹಾಕಿದ್ದವು. ಒಬ್ಬ ವ್ಯಕ್ತಿಯ ಒಂದು ವರ್ಷದ ಪೂರ್ಣ ದುಡಿಮೆಯನ್ನು ಒಂದು ಘಟಕ ಎಂದುಕೊಳ್ಳಿ. ಒಂದು ಮೆಗಾವ್ಯಾಟ್ ಗಾಳಿ ವಿದ್ಯುತ್ತಿಗೆ ಬೇಕಾದದ್ದು 1.27 ಘಟಕ. ನೆಲದ ಮೇಲೆ ಹಾಸುವ ದೊಡ್ಡ ಸೋಲಾರ್ ಪಾರ್ಕಿಗೆ 3.45. ಚಾವಣಿ ಸೋಲಾರ್‌ಗೆ 24.72.

ಇದನ್ನು ನಮ್ಮ ಊರಿನ ಅಳತೆಗೆ ತರೋಣ. 2 ಮೆಗಾವ್ಯಾಟ್‌ನ 50 ಗಾಳಿಯಂತ್ರಗಳನ್ನು ನಿಲ್ಲಿಸಿದರೆ 100 ಮೆಗಾವ್ಯಾಟ್. ಅದರಿಂದ ಹುಟ್ಟುವ ದುಡಿಮೆ ಸುಮಾರು 127 ಘಟಕ. ಹೆಚ್ಚುಕಡಿಮೆ ಅಷ್ಟೇ ದುಡಿಮೆ ಕೇವಲ 5 ಮೆಗಾವ್ಯಾಟ್ ಚಾವಣಿ ಸೋಲಾರ್‌ನಿಂದ ಸಿಗುತ್ತದೆ. ಮನೆಗೆ 3 ಕಿಲೋವ್ಯಾಟ್‌ನಂತೆ ಹಿಡಿದರೆ ಸುಮಾರು 1,700 ಮನೆಗಳು. ಹತ್ತು ಮೈಲಿ ದೂರಕ್ಕೂ ಕಾಣುವ 50 ಯಂತ್ರಗಳು ಒಂದು ಕಡೆ, ಯಾರ ಕಣ್ಣಿಗೂ ಬೀಳದ 1,700 ಚಾವಣಿಗಳು ಇನ್ನೊಂದು ಕಡೆ. ದುಡಿಮೆಯ ತಕ್ಕಡಿಯಲ್ಲಿ ಎರಡೂ ಸಮ.

ಕಾರಣ ಸರಳ. ಗಾಳಿಯಂತ್ರದ ಬಹುಪಾಲು ಕೆಲಸವನ್ನು ಕಾರ್ಖಾನೆ ಮತ್ತು ಕ್ರೇನ್ ಮಾಡುತ್ತವೆ. ಚಾವಣಿಯಲ್ಲಿ ಹಾಗಲ್ಲ. ಪ್ರತಿ ಮನೆಗೂ ಹೋಗಿ ಅಳತೆ ತೆಗೆಯಬೇಕು, ಅರ್ಜಿ ಹಾಕಬೇಕು, ಸ್ಟ್ಯಾಂಡ್ ಕೂರಿಸಬೇಕು, ವೈರಿಂಗ್ ಮಾಡಬೇಕು.

ಆ ಕೆಲಸ ಎಷ್ಟು ದಿನದ್ದು?

ಗಾಳಿಯಂತ್ರದ ಕೆಲಸಕ್ಕೆ ಎರಡು ಹಂತ. ಮೊದಲನೆಯದು ನಿರ್ಮಾಣ: ರಸ್ತೆ, ಅಡಿಪಾಯ, ಕಾಂಕ್ರೀಟ್, ಸಾಗಣೆ, ಕಾವಲು. ಈ ಹೊತ್ತಿನಲ್ಲಿ ಜನ ಬೇಕು, ಆದರೆ ಯಂತ್ರ ನಿಂತ ಕೂಡಲೇ ಗುತ್ತಿಗೆದಾರ ಮುಂದಿನ ಜಾಗಕ್ಕೆ ಹೊರಡುತ್ತಾನೆ. ಎರಡನೆಯದು ನಿರ್ವಹಣೆ. ಇದು ವರ್ಷಗಟ್ಟಲೆ ನಡೆಯುವ ಕೆಲಸ, ಆದರೆ ಒಂದು ಸಣ್ಣ ತಂಡ ಹಲವು ಯಂತ್ರಗಳನ್ನು ನೋಡಿಕೊಳ್ಳುತ್ತದೆ.

ಹಾಗಾಗಿ ಜಾಹೀರಾತಿನಲ್ಲಿ ಮೊದಲು ನೋಡಬೇಕಾದದ್ದು ಸಂಬಳವಲ್ಲ, ಹಂತ. "ಸೈಟ್ ಸೂಪರ್‌ವೈಸರ್", "ಸಿವಿಲ್ ಹೆಲ್ಪರ್" ಎಂದಿದ್ದರೆ ಅದು ಸಾಮಾನ್ಯವಾಗಿ ನಿರ್ಮಾಣದ್ದು. "ಓ ಅಂಡ್ ಎಂ ಟೆಕ್ನಿಷಿಯನ್" ಎಂದಿದ್ದರೆ ನಿರ್ವಹಣೆಯದ್ದು. ಕೆಲಸ ಕೊಡುವವರು ಯಂತ್ರದ ಕಂಪನಿಯೋ ಗುತ್ತಿಗೆದಾರರೋ, ಕರಾರು ಎಷ್ಟು ತಿಂಗಳದ್ದು, ಪಿಎಫ್ ಇದೆಯೇ ಎಂದು ಕೇಳಿ. ಒಂದೇ ಕಂಪನಿ ಒಂದೇ ಊರಿಗೆ ಒಂದೇ ಹುದ್ದೆಯನ್ನು ತಿಂಗಳು ತಿಂಗಳು ಕರೆಯುತ್ತಿದ್ದರೆ ಅದನ್ನು ಬೆಳವಣಿಗೆ ಎಂದುಕೊಳ್ಳಬೇಡಿ. ಸೇರಿದವರು ನಿಲ್ಲುತ್ತಿಲ್ಲ ಎಂಬ ಸೂಚನೆಯೂ ಅದಾಗಿರಬಹುದು. "ನೋಂದಣಿ ಶುಲ್ಕ" ಕೇಳಿದರೆ ಅಲ್ಲಿಗೇ ಬಿಟ್ಟುಬಿಡಿ.

"ಇಷ್ಟು ಲಕ್ಷ ಹೊಸ ಕೆಲಸ" ಎಂಬ ಸುದ್ದಿ

ಭವಿಷ್ಯ ನಿಧಿ ಸಂಘಟನೆ (ಇಪಿಎಫ್‌ಒ) ಪ್ರತಿ ತಿಂಗಳು ಚಂದಾದಾರರ ಲೆಕ್ಕ ಕೊಡುತ್ತದೆ. ಹೊಸದಾಗಿ ಸೇರಿದವರು ಮತ್ತು ಬಿಟ್ಟು ಮರಳಿ ಬಂದವರನ್ನು ಕೂಡಿಸಿ, ಹೊರಹೋದವರನ್ನು ಕಳೆದರೆ ಬರುವ ನಿವ್ವಳ ಸಂಖ್ಯೆ ಅದು. ಫಾರ್ವರ್ಡ್‌ಗಳಲ್ಲಿ ಇದೇ "ಹೊಸ ಉದ್ಯೋಗ" ಆಗಿಬಿಡುತ್ತದೆ.

ನಿಜದಲ್ಲಿ ಅದು ಪಿಎಫ್ ಖಾತೆಗಳ ಲೆಕ್ಕ. ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗೆ ಪಿಎಫ್ ಕಡ್ಡಾಯ. 19 ಜನರಿದ್ದ ಸಂಸ್ಥೆಗೆ ಇನ್ನೊಬ್ಬ ಸೇರಿದರೆ ಹುಟ್ಟಿದ್ದು ಒಂದು ಕೆಲಸ, ಆದರೆ ಪಟ್ಟಿಗೆ 20 ಹೆಸರು ಬರಬಹುದು. ಇನ್ನೊಂದು ಕಡೆ, ಐದಾರು ಹುಡುಗರನ್ನು ಇಟ್ಟುಕೊಂಡು ಸೋಲಾರ್ ಅಳವಡಿಸುವ ಅಂಗಡಿ ಈ ಲೆಕ್ಕದಲ್ಲಿ ಕಾಣುವುದೇ ಇಲ್ಲ. ನಮ್ಮ ತಾಲ್ಲೂಕುಗಳಲ್ಲಿ ಅಂಥ ಸಣ್ಣ ಅಂಗಡಿಗಳೇ ಹೆಚ್ಚು. ರಾಜ್ಯದ ಅಂಕಿ ನೋಡಿ ಕೊಟ್ಟೂರಿನ ನಿರ್ಧಾರ ಮಾಡಲಾಗದು.

ಹಾಗಾದರೆ ಚಾವಣಿ ಸೋಲಾರ್ ಕಲಿತರೆ ಸಾಕೇ?

ಅಷ್ಟು ಬೇಗ ಬೇಡ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯ ಘರ್ ಯೋಜನೆ ಆರಂಭಿಸಿತು. ಒಂದು ಕೋಟಿ ಮನೆಗಳ ಗುರಿ, 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಹಾಯಧನ. ಆದರೆ ಕರ್ನಾಟಕದಲ್ಲಿ 2023ರಿಂದ ಗೃಹಜ್ಯೋತಿ ಇದೆ. ತಿಂಗಳಿಗೆ 200 ಯೂನಿಟ್‌ವರೆಗೆ ಬಳಸುವ ಅರ್ಹ ಮನೆಗೆ ಬಿಲ್ಲೇ ಬರದಿದ್ದಾಗ, ಮಾಲೀಕ ಸಾಲ ಮಾಡಿ ಪ್ಯಾನೆಲ್ ಯಾಕೆ ಹಾಕಿಸುತ್ತಾನೆ? ಮಣ್ಣಿನ ಮಾಳಿಗೆ, ತಗಡಿನ ಮನೆಗಳ ಮೇಲೆ ಅಳವಡಿಸುವುದೂ ತೊಡಕು. ಮೇಲಿನ 24.72 ಒಂದು ಮೆಗಾವ್ಯಾಟ್ ಅಳವಡಿಸಿದರೆ ಮಾತ್ರ ಸಿಗುವ ದುಡಿಮೆ. ಅಷ್ಟು ಅಳವಡಿಕೆ ನಿಮ್ಮೂರಲ್ಲಿ ಆಗುತ್ತದೆ ಎಂಬ ಭರವಸೆ ಅದರಲ್ಲಿಲ್ಲ. ಸಹಾಯಧನ ನಿಂತರೆ ಬೇಡಿಕೆಯೂ ಕುಗ್ಗಬಹುದು.

ಆದ್ದರಿಂದ ನಂಬಬಹುದಾದ ಸೂಚನೆ ಸ್ಥಳೀಯ ಆರ್ಡರ್. ಹೊಸಪೇಟೆಯಲ್ಲೋ ನಿಮ್ಮ ತಾಲ್ಲೂಕಿನಲ್ಲೋ ಇರುವ ಮೂರು ಅಳವಡಿಕೆದಾರರನ್ನು ಭೇಟಿಯಾಗಿ. ಕಳೆದ ಆರು ತಿಂಗಳಲ್ಲಿ ಎಷ್ಟು ಮನೆ ಮುಗಿಸಿದಿರಿ, ಎಷ್ಟು ಬಾಕಿ ಇವೆ, ತಿಂಗಳ ಸಂಬಳಕ್ಕೆ ಎಷ್ಟು ಜನರಿದ್ದಾರೆ ಎಂದು ಕೇಳಿ. ಸಿಇಇಡಬ್ಲ್ಯು ಲೆಕ್ಕದಂತೆ 3 ಕಿಲೋವ್ಯಾಟ್‌ನ ಒಂದು ಮನೆಗೆ ಕಚೇರಿ ಕೆಲಸವೂ ಸೇರಿ ಸುಮಾರು 22 ಆಳು-ದಿನ. ಅಂದರೆ ಒಬ್ಬರಿಗೆ ವರ್ಷವಿಡೀ ಕೆಲಸ ಸಿಗಲು ಹದಿಮೂರು, ಹದಿನಾಲ್ಕು ಮನೆ ಬೇಕು. ಮೂವರೂ ಸೇರಿ ಆರು ತಿಂಗಳಲ್ಲಿ 20 ಮನೆ ಮಾಡಿದ್ದರೆ ಅದು ಹೆಚ್ಚೆಂದರೆ ಮೂವರ ಹೊಟ್ಟೆಪಾಡು. ಆ ಮೂವರು ಈಗಾಗಲೇ ಅಲ್ಲಿದ್ದಾರೆ ಎಂದರೆ ನಿಮಗೆ ಜಾಗವಿಲ್ಲ.

ನಿಮ್ಮ ಕೈಯಲ್ಲಿರುವ ಕೆಲಸ

ಹರಪನಹಳ್ಳಿಯ ಒಬ್ಬ ಐಟಿಐ ಎಲೆಕ್ಟ್ರಿಷಿಯನ್ ಎಂದುಕೊಳ್ಳಿ. ಮನೆ ವೈರಿಂಗ್, ಅರ್ಥಿಂಗ್, ಮೀಟರ್ ಬೋರ್ಡ್ ಬರುತ್ತದೆ. ಸೋಲಾರ್‌ಗೆ ಇದರಲ್ಲಿ ಬಹಳಷ್ಟು ಒದಗುತ್ತದೆ. ಕಲಿಯಬೇಕಾದದ್ದು ಮುಖ್ಯವಾಗಿ ಡಿಸಿ ಕರೆಂಟಿನ ಕಡೆ. ಬಿಸಿಲಿರುವಷ್ಟು ಹೊತ್ತು ಪ್ಯಾನೆಲ್ ಆಫ್ ಆಗುವುದಿಲ್ಲ, ಸಡಿಲ ಜೋಡಣೆಯಲ್ಲಿ ಕಿಡಿ ಹತ್ತಿದರೆ ಬೇಗ ಆರುವುದಿಲ್ಲ. ಜೊತೆಗೆ ಇನ್ವರ್ಟರ್ ಜೋಡಣೆ ಮತ್ತು ನೆಟ್ ಮೀಟರ್ ಅರ್ಜಿ. ಇದು ತಿಂಗಳುಗಳಲ್ಲಿ ಕಲಿಯುವ ವಿದ್ಯೆ. ಸರ್ಕಾರದ ಸೂರ್ಯಮಿತ್ರ ತರಬೇತಿ ಇರುವುದು ಇದಕ್ಕೇ.

ಅದೇ ವ್ಯಕ್ತಿ ಗಾಳಿಯಂತ್ರಕ್ಕೆ ಹೋಗಬೇಕಾದರೆ ನೂರು ಮೀಟರ್ ಆಸುಪಾಸಿನ ಎತ್ತರದಲ್ಲಿ ಕೆಲಸ ಮಾಡುವ ಸುರಕ್ಷಾ ತರಬೇತಿ, ಅದಕ್ಕೆ ತಕ್ಕ ಆರೋಗ್ಯ, ಹೈಡ್ರಾಲಿಕ್ಸ್ ತಿಳಿವಳಿಕೆ ಬೇಕು. ಸೇರಿದ ಮೇಲೆ ಬೇರೆ ಜಿಲ್ಲೆಗೆ ವರ್ಗವೂ ಆಗಬಹುದು. ಮನೆಯವರನ್ನು ಬಿಟ್ಟು ಹೋಗಬಲ್ಲವರಿಗೆ ಇದು ಒಳ್ಳೆಯ ದಾರಿಯೇ. ಊರಲ್ಲೇ ಉಳಿಯಬೇಕಾದವರಿಗೆ ವೈರಿಂಗ್ ಕೆಲಸ ಬಿಡದೆ, ಅದರ ಜೊತೆಗೆ ಸೋಲಾರ್ ಕಲಿಯುವುದು ಕಡಿಮೆ ಅಪಾಯದ ದಾರಿ. ಆರ್ಡರ್ ಕಡಿಮೆಯಾದರೂ ಹಳೆಯ ಗಿರಾಕಿಗಳು ಇರುತ್ತಾರೆ.

ಮುಂದಿನ ಸಲ "ಸಾವಿರಾರು ಹುದ್ದೆ" ಸಂದೇಶ ಬಂದಾಗ ಹಂಚುವ ಮೊದಲು ಕಳಿಸಿದವರನ್ನು ಮೂರು ಪ್ರಶ್ನೆ ಕೇಳಿ: ಯಾವ ಹಂತದ ಕೆಲಸ? ಎಷ್ಟು ತಿಂಗಳದ್ದು? ಸಂಬಳ ಕೊಡುವವರು ಯಾರು? ಈ ಮೂರಕ್ಕೆ ಉತ್ತರವಿಲ್ಲದ ಸಂದೇಶವನ್ನು ನಂಬಿ ಯಾರೂ ಕೈಯಲ್ಲಿರುವ ಕೆಲಸ ಬಿಡಬಾರದು.