ಎರಡು ಹೆಜ್ಜೆಗುರುತುಗಳನ್ನು ಒಂದು ಮಾಡಬೇಡಿ



ಶಿವಮೊಗ್ಗದ ಸ್ಪರ್ಧಾತ್ಮಕ ಪರೀಕ್ಷಾ ತರಬೇತಿ ಕೇಂದ್ರವೊಂದು ಹಂಚಿದ ಮಾದರಿ ಪ್ರಶ್ನೆಪತ್ರಿಕೆ ನಮ್ಮ ಬೀದಿಯ ಹುಡುಗಿಯೊಬ್ಬಳಿಂದ ನನ್ನ ಕೈಗೆ ಬಂತು. ‘ಪರಿಸರ ಹೆಜ್ಜೆಗುರುತನ್ನು ಯಾವುದರಲ್ಲಿ ಅಳೆಯುತ್ತಾರೆ?’ ಎಂಬ ಪ್ರಶ್ನೆಗೆ ಆಕೆ ‘ಜಾಗತಿಕ ಹೆಕ್ಟೇರ್’ ಎಂದು ಗುರುತು ಹಾಕಿದ್ದಳು. ಕೀ ಉತ್ತರದಲ್ಲಿ ಇದ್ದದ್ದು ‘ಇಂಗಾಲದ ಡೈಆಕ್ಸೈಡ್ ಸಮಾನ ಟನ್’. ಸರಿ ಉತ್ತರ ಬರೆದ ಹುಡುಗಿಗೆ ಋಣಾತ್ಮಕ ಅಂಕ ಬಿದ್ದಿದೆ. ‘ಎರಡೂ ಒಂದೇ ಅಲ್ವಾ ಮೇಡಂ?’ ಎಂದು ಆಕೆಯೇ ಅನುಮಾನಪಟ್ಟಳು. ಆ ಅನುಮಾನಕ್ಕೆ ಕಾರಣ ಆ ಕೀ ಉತ್ತರ, ಹಾಗಾಗಿ ಈ ಪತ್ರ.

ಪರಿಸರ ಹೆಜ್ಜೆಗುರುತು ಎಂಬ ಲೆಕ್ಕವನ್ನು 1990ರ ದಶಕದ ಆರಂಭದಲ್ಲಿ ಕೆನಡಾದಲ್ಲಿ ವಿಲಿಯಂ ರೀಸ್ ಮತ್ತು ಮ್ಯಾಥಿಸ್ ವ್ಯಾಕರ್ನೇಗಲ್ ರೂಪಿಸಿದರು. ನಾವು ಬಳಸುವುದನ್ನು ಬೆಳೆದುಕೊಡಲು, ನಾವು ಬಿಡುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಳ್ಳಲು ಎಷ್ಟು ಫಲವತ್ತಾದ ನೆಲ, ನೀರು ಬೇಕು ಎಂದು ಅದು ಕೇಳುತ್ತದೆ. ಉತ್ತರ ಬರುವುದು ವಿಸ್ತೀರ್ಣದಲ್ಲಿ. ಇಂಗಾಲದ ಹೆಜ್ಜೆಗುರುತು ಕೇಳುವುದು ಎಷ್ಟು ಹಸಿರುಮನೆ ಅನಿಲ ಗಾಳಿಗೆ ಸೇರಿತು ಎಂದು. ಅದರ ಉತ್ತರ ತೂಕದಲ್ಲಿ.

ವ್ಯತ್ಯಾಸ ತಿಳಿಯಲು ನಮ್ಮ ಭದ್ರಾವತಿಯೇ ಸಾಕು. 1923ರಲ್ಲಿ ಉತ್ಪಾದನೆ ಆರಂಭಿಸಿದ ಮೈಸೂರು ಕಬ್ಬಿಣ ಕಾರ್ಖಾನೆಗೆ ಅದಿರು ಬಂದದ್ದು ಕೆಮ್ಮಣ್ಣುಗುಂಡಿಯಿಂದ. ಹತ್ತಿರದಲ್ಲಿ ಕೋಕ್ ಮಾಡುವಂಥ ಕಲ್ಲಿದ್ದಲು ಇರಲಿಲ್ಲ, ಸುತ್ತಲೂ ಕಾಡು ಇತ್ತು. ಹೀಗಾಗಿ ಊದುಕುಲುಮೆ ಉರಿದದ್ದು ಮಲೆನಾಡಿನ ಮರದ ಇದ್ದಿಲಿನಿಂದ.

ಲೆಕ್ಕಕ್ಕೆ ಸುಲಭವಾಗುವಂತೆ ಒಂದು ಟನ್ ಕಬ್ಬಿಣಕ್ಕೆ ಒಂದು ಟನ್ ಇದ್ದಿಲು, ಒಂದು ಟನ್ ಇದ್ದಿಲಿಗೆ ನಾಲ್ಕು ಟನ್ ಸೌದೆ ಎಂದಿಟ್ಟುಕೊಳ್ಳೋಣ. 1,000 ಟನ್ ಕಬ್ಬಿಣಕ್ಕೆ 4,000 ಟನ್ ಸೌದೆ ಬೇಕು. ಒಂದು ಹೆಕ್ಟೇರ್ ಕಾಡಿನಲ್ಲಿ ವರ್ಷಕ್ಕೆ ನಾಲ್ಕು ಟನ್ ಮರ ಬೆಳೆಯುವುದಾದರೆ 1,000 ಹೆಕ್ಟೇರಿನ ಒಂದು ವರ್ಷದ ಬೆಳವಣಿಗೆ ಕುಲುಮೆಗೆ ಹೋಯಿತು. ಇದನ್ನು ಇಳುವರಿ ಗುಣಕ ಮತ್ತು ಸಮಾನತಾ ಗುಣಕಗಳಿಂದ ಗುಣಿಸಿದರೆ ಜಾಗತಿಕ ಹೆಕ್ಟೇರ್ ಸಿಗುತ್ತದೆ. ಅಂದರೆ ಪರಿಸರ ಹೆಜ್ಜೆಗುರುತು ದೊಡ್ಡದು. ಇಂಗಾಲದ ಲೆಕ್ಕದಲ್ಲಾದರೆ, ಕಡಿದಷ್ಟು ಮರ ಮತ್ತೆ ಬೆಳೆಯುವಂತಿದ್ದರೆ, ಇದ್ದಿಲಿನ ಹೊಗೆಯನ್ನು ಸಾಮಾನ್ಯವಾಗಿ ಒಟ್ಟು ಮೊತ್ತಕ್ಕೆ ಸೇರಿಸುವುದಿಲ್ಲ, ಬೇರೆಯಾಗಿ ತೋರಿಸುತ್ತಾರೆ. ಕಾಡು ಮತ್ತೆ ಬೆಳೆಯದಿದ್ದರೆ ಆ ವಿನಾಯಿತಿ ನಿಲ್ಲುವುದಿಲ್ಲ.

ಅದೇ ಕಬ್ಬಿಣವನ್ನು ಕೋಕ್‌ನಿಂದ ಕರಗಿಸಿದರೆ? ಮರ ಕಡಿಯಬೇಕಿಲ್ಲ. ಆದರೆ ಟನ್ನಿಗೆ ಎರಡು ಟನ್ ಇಂಗಾಲದ ಡೈಆಕ್ಸೈಡ್ ಎಂದು ಹಿಡಿದರೂ 2,000 ಟನ್ ಗಾಳಿಗೆ ಸೇರುತ್ತದೆ. ಇಂಗಾಲದ ಹೆಜ್ಜೆಗುರುತು ಅಷ್ಟಕ್ಕೇ ನಿಲ್ಲುತ್ತದೆ. ಪರಿಸರ ಹೆಜ್ಜೆಗುರುತು ಅದರಲ್ಲಿ ಸಮುದ್ರ ಹೀರುವ ಪಾಲನ್ನು ಕಳೆದು, ಉಳಿದದ್ದನ್ನು ಹೀರಲು ಎಷ್ಟು ಕಾಡು ಬೇಕೆಂದು ಹೆಕ್ಟೇರಿಗೆ ತಿರುಗಿಸುತ್ತದೆ.

ಇಲ್ಲಿಂದಲೇ ಇನ್ನೊಂದು ತಪ್ಪು ಹುಟ್ಟುತ್ತದೆ. ‘ಇಂಗಾಲದ ಹೆಜ್ಜೆಗುರುತು ಸಂಪೂರ್ಣವಾಗಿ ಪರಿಸರ ಹೆಜ್ಜೆಗುರುತಿನ ಭಾಗ’ ಎಂಬ ಹೇಳಿಕೆಯನ್ನು ಅದೇ ಪತ್ರಿಕೆ ಸರಿ ಎಂದಿದೆ. ಭದ್ರಾ ಅಚ್ಚುಕಟ್ಟಿನ ಗದ್ದೆಗೆ ಬನ್ನಿ. ನೀರು ನಿಂತ ಕೆಸರಿನಿಂದ ಮೀಥೇನ್ ಏಳುತ್ತದೆ, ಯೂರಿಯಾ ಹಾಕಿದ ಮಣ್ಣಿನಿಂದ ನೈಟ್ರಸ್ ಆಕ್ಸೈಡ್. ನೂರು ವರ್ಷದ ಲೆಕ್ಕದಲ್ಲಿ ಒಂದು ಟನ್ ಮೀಥೇನ್ ಸುಮಾರು 28 ಟನ್ ಇಂಗಾಲದ ಡೈಆಕ್ಸೈಡಿಗೆ ಸಮ. ಇವೆರಡೂ ಇಂಗಾಲದ ಹೆಜ್ಜೆಗುರುತಿನಲ್ಲಿ ಬರುತ್ತವೆ. ಪರಿಸರ ಹೆಜ್ಜೆಗುರುತಿನ ಪ್ರಮಾಣಿತ ಲೆಕ್ಕ ಗದ್ದೆಯ ವಿಸ್ತೀರ್ಣವನ್ನು ಹಿಡಿಯುತ್ತದೆ, ಈ ಎರಡು ಅನಿಲಗಳನ್ನು ಬಿಡುತ್ತದೆ. ಅದರ ಇಂಗಾಲದ ಪಾಲಿನಲ್ಲಿ ಇರುವುದು ಇಂಗಾಲದ ಡೈಆಕ್ಸೈಡ್ ಮಾತ್ರ.

ಎರಡಕ್ಕೂ ಕಾಣದ ಸಂಗತಿಗಳೂ ಇವೆ. ಕಾಗದ ಕಾರ್ಖಾನೆಗಾಗಿ ಬೆಳೆಸಿದ ಅಕೇಶಿಯಾ ನೆಡುತೋಪು ಬೇಗ ಬೆಳೆಯುವುದರಿಂದ ಹೆಕ್ಟೇರ್ ಲೆಕ್ಕದಲ್ಲಿ ಸಹಜ ಕಾಡಿಗಿಂತ ಚೆನ್ನಾಗಿಯೇ ಕಾಣಬಹುದು. ‘ನಮ್ಮೂರಿಗೆ ಅಕೇಶಿಯಾ ಬೇಡ’ ಎಂದು ಹೋರಾಡಿದ ಮಲೆನಾಡಿನ ಜನ ಕೇಳಿದ್ದು ಈ ಎರಡೂ ಅಳತೆಗಳಲ್ಲಿ ಸಿಗದ ಜೀವವೈವಿಧ್ಯವನ್ನು. ‘ಪರಿಸರ’ ಎಂಬ ಹೆಸರಿದೆಯೆಂದು ಮೊದಲನೆಯದು ಎಲ್ಲವನ್ನೂ ಅಳೆಯುತ್ತದೆ ಎಂದು ಬರೆದರೆ ಅದೂ ತಪ್ಪು ಉತ್ತರವೇ.

ಪ್ರತಿ ವರ್ಷ ಪ್ರಶ್ನೆಯಾಗುವ ‘ಭೂಮಿಯ ಮಿತಿಮೀರಿದ ದಿನ’ ಪರಿಸರ ಹೆಜ್ಜೆಗುರುತನ್ನು ಭೂಮಿಯ ಜೈವಿಕ ಸಾಮರ್ಥ್ಯದೊಂದಿಗೆ ಹೋಲಿಸಿ ಬರುವಂಥದ್ದು. ಅದನ್ನು ಇಂಗಾಲದ ಹೆಜ್ಜೆಗುರುತಿಗೆ ಅಂಟಿಸಬಾರದು.

ಪ್ರಶ್ನೆಪತ್ರಿಕೆ ಸಿದ್ಧಪಡಿಸುವವರು ಈ ಎರಡು ಕೀ ಉತ್ತರಗಳನ್ನು ತಿದ್ದಿ, ಕಳೆದ ಅಂಕಗಳನ್ನು ಮಕ್ಕಳಿಗೆ ಮರಳಿಸಬೇಕು. ಮುಂದಿನ ಮುದ್ರಣದಲ್ಲಿ ಏಕಮಾನದ ಜೊತೆಗೆ ಯಾವ ಯಾವ ಅನಿಲ ಸೇರಿದೆ ಎಂಬುದನ್ನೂ ಬರೆಯಲಿ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಪೇಪರ್ ಟೌನ್, ಭದ್ರಾವತಿ