ಅಕ್ಷರದ ಅಂದವಲ್ಲ, ಅಂತರ ನೋಡಿ

“ಮಗ ನಾಲ್ಕನೇತ್ತಾ. ಡಿಸ್ಲೆಕ್ಸಿಯಾ ಅಂದಾರ. ಅದಕ್ಕಂತ ಬ್ಯಾರೆ ಫಾಂಟ್ ಐತಂತ, ತರಸೂಣೇನ್ರಿ?” ಸಿರಸಂಗಿಯ ಸೋದರಿಯೊಬ್ಬರ ಪ್ರಶ್ನೆ.

ದುಡ್ಡು ಕೊಟ್ಟು ತರಿಸಬೇಡ್ರಿ. 2008ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಹುಟ್ಟಿದ ‘ಡಿಸ್ಲೆಕ್ಸಿ’ ಫಾಂಟಿನಲ್ಲಿ ಅಕ್ಷರಗಳ ಬುಡ ದಪ್ಪ. ಇಂಗ್ಲಿಷಿನ ಬಿ, ಡಿ ಅದಲುಬದಲಾಗಬಾರದೆಂದು ಹಾಗೆ. ಆದರೆ 2018ರ ಡಚ್ ಅಧ್ಯಯನದಲ್ಲಿ ಅದರಿಂದ ಮಕ್ಕಳ ವೇಗ ಹೆಚ್ಚಲಿಲ್ಲ, ತಪ್ಪೂ ತಗ್ಗಲಿಲ್ಲ. 2012ರಲ್ಲಿ ಇಟಲಿ, ಫ್ರಾನ್ಸಿನ ಮಕ್ಕಳಿಗೆ ಮಾಮೂಲಿ ಅಕ್ಷರಗಳನ್ನೇ ಬಿಡಿಬಿಡಿಯಾಗಿ ಮುದ್ರಿಸಿ ಕೊಟ್ಟಾಗ ಓದು ಸುಧಾರಿಸಿತು. ಅಕ್ಷರ ಒತ್ತೊತ್ತಾಗಿದ್ದರೆ ಪಕ್ಕದ್ದು ಇದನ್ನು ಗೊಂದಲ ಮಾಡುತ್ತದೆ.

ಇವು ಇಂಗ್ಲಿಷ್‌ನಂಥ ಲಿಪಿಯ ಮಾತು. ನಮ್ಮ ಕನ್ನಡದಲ್ಲಿ ಒತ್ತಕ್ಷರ ಸಾಲಿನ ಕೆಳಗೆ, ಅದೂ ಸಣ್ಣದಾಗಿ ಬರುತ್ತದೆ. ಹಾಗಾಗಿ ಗಾತ್ರ ಮತ್ತು ಸಾಲಿನ ಅಂತರ ಹೆಚ್ಚಿಸಿ ನೋಡುವುದೇ ಸರಿ ಎಂದು ನನ್ನ ಅನಿಸಿಕೆ.

ಮನೆಯಲ್ಲೇ ಪರೀಕ್ಷಿಸಿ. ಓದದ ಪಾಠದ ಎರಡು ತುಣುಕು ಆರಿಸಿ. ಒಂದು ಪುಸ್ತಕದಲ್ಲಿದ್ದಂತೆಯೇ ಇರಲಿ, ಇನ್ನೊಂದನ್ನು 18 ಪಾಯಿಂಟ್, ಒಂದೂವರೆ ಪಟ್ಟು ಸಾಲಿನ ಅಂತರದಲ್ಲಿ ಮುದ್ರಿಸಿ. ಒಂದೊಂದು ನಿಮಿಷ ಓದಿಸಿ, ಪದ, ತಪ್ಪು ಎಣಿಸಿ. ಹೊಸತೆಂಬ ಹುರುಪು ಒಂದು ದಿನ ಮೋಸ ಮಾಡೀತು. ಬೇರೆ ತುಣುಕುಗಳೊಂದಿಗೆ ನಾಲ್ಕು ದಿನ ನಡೆಸಿ.

ದೃಷ್ಟಿ ಮಂದವಾದ ಅಜ್ಜಿಗೂ ದೊಡ್ಡಕ್ಷರವೇ ಆಸರೆ. ಆದರೆ ಮಗನಿಗೆ ಅಕ್ಷರ-ಸದ್ದು ಜೋಡಿಸಿ ಕಲಿಸುವವರು ಬೇಕೇ ಬೇಕ್ರಿ. ಅದನ್ನ ಫಾಂಟ್ ಮಾಡೂದಿಲ್ಲ.